ರೋಜಾ ಹಿಡಿಯುವಾಗ ಶುಗರ್, ಬಿಪಿ ಮಾತ್ರೆಗಳ ವೇಳೆ ಹೊಂದಿಸುವುದು: ಹಂತ ಹಂತದ ಸಮಗ್ರ ಮಾರ್ಗದರ್ಶಿ

ರಂಜಾನಿನ ಮೊದಲ ವಾರ ನಮ್ಮ ಔಷಧಿ ಅಂಗಡಿಗೆ ಮಧ್ಯಾಹ್ನ ಮೂರರಿಂದ ಐದರೊಳಗೆ ಬರುವವರಲ್ಲಿ ಕೆಲವರ ಲಕ್ಷಣ ಒಂದೇ ಥರ ಇರುತ್ತದೆ. ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲು. ಮೀಟರ್ ಹಿಡಿದರೆ ಶುಗರ್ 60ರ ಆಸುಪಾಸು. ಏನು ತಗೊಂಡಿದ್ರಿ ಎಂದು ಕೇಳಿದರೆ ಉತ್ತರವೂ ಬಹುಪಾಲು ಒಂದೇ: "ದಿನಾ ಬೆಳಿಗ್ಗೆ ತಗೊಳ್ಳೋ ಮಾತ್ರೆನೇ ಸಾರ್, ಸಹರಿಗೆ ತಗೊಂಡೆ."

ಎಡವುವುದು ಇಲ್ಲೇ. ಬೆಳಗಿನ ಮಾತ್ರೆಯಲ್ಲಿ ಸಾಮಾನ್ಯವಾಗಿ ಔಷಧಿಯ ಪ್ರಮಾಣ ಹೆಚ್ಚು. ಅದರ ಹಿಂದೆಯೇ ತಿಂಡಿ, ಮಧ್ಯಾಹ್ನದ ಊಟ, ಸಂಜೆಯ ಚಹಾ ಇರುತ್ತವೆ ಎಂಬ ಲೆಕ್ಕದಲ್ಲಿ ವೈದ್ಯರು ಹಾಗೆ ಬರೆದಿರುತ್ತಾರೆ. ಅದನ್ನೇ ಸಹರಿಗೆ ನುಂಗಿದರೆ ಮುಂದಿನ ಹದಿಮೂರು ಹದಿನಾಲ್ಕು ಗಂಟೆ ಹೊಟ್ಟೆಗೆ ಏನೂ ಬೀಳುವುದಿಲ್ಲ, ಮಾತ್ರೆ ಮಾತ್ರ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ರೋಜಾದಲ್ಲಿ ದೊಡ್ಡ ಊಟ ಸಂಜೆಯದು, ಹಾಗಾಗಿ ಶುಗರಿನ ದೊಡ್ಡ ಮಾತ್ರೆಯೂ ಸಂಜೆಗೆ ಹೋಗಬೇಕು. ಈ ಮಾರ್ಗದರ್ಶಿಯ ಬಹುಪಾಲು ಇದೊಂದನ್ನು ಸರಿಯಾಗಿ ಮಾಡುವ ಬಗ್ಗೆಯೇ ಇದೆ. ಬಿಪಿ ಮಾತ್ರೆಗಳ ಲೆಕ್ಕ ಬೇರೆ, ಅದು ನಾಲ್ಕನೇ ಹಂತದಲ್ಲಿದೆ. ಏಕಾದಶಿ, ಶಿವರಾತ್ರಿ ಮಾಡುವವರಿಗೆ ಏನು ಬದಲಾಗುತ್ತದೆ ಎಂಬುದನ್ನು ಕೊನೆಯಲ್ಲಿ ಬರೆದಿದ್ದೇನೆ.

## ಮೊದಲು ನೋಡಿ: ಇದು ಯಾರಿಗೆ ಅಲ್ಲ

ಇನ್ಸುಲಿನ್ ಚುಚ್ಚಿಕೊಳ್ಳುವವರು ಇದನ್ನು ಓದಿ ಏನನ್ನೂ ಬದಲಿಸಬೇಡಿ. ನಿಮ್ಮ ಲೆಕ್ಕವನ್ನು ವೈದ್ಯರು ನಿಮ್ಮೊಬ್ಬರಿಗೆಂದೇ ಹಾಕಿಕೊಡಬೇಕು.

ಕೆಲವರು ಉಪವಾಸವನ್ನೇ ಕೈಬಿಡಬೇಕಾಗುತ್ತದೆ: ಕಳೆದ ಮೂರು ತಿಂಗಳಲ್ಲಿ ಶುಗರ್ ಇಳಿದು ಪ್ರಜ್ಞೆ ತಪ್ಪಿದವರು ಅಥವಾ ಇನ್ನೊಬ್ಬರು ಎಬ್ಬಿಸಿ ಸಕ್ಕರೆ ಕೊಡಬೇಕಾಗಿ ಬಂದವರು, ಶುಗರ್ ಇಳಿದರೂ ಯಾವ ಸೂಚನೆಯೂ ಗೊತ್ತಾಗದವರು, ಡಯಾಲಿಸಿಸ್‌ನಲ್ಲಿರುವವರು, ಕಿಡ್ನಿ ತೀರಾ ಕುಗ್ಗಿದವರು, ಶುಗರಿಗೆ ಔಷಧಿ ತೆಗೆದುಕೊಳ್ಳುತ್ತಿರುವ ಗರ್ಭಿಣಿಯರು, ಇತ್ತೀಚೆಗೆ ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರು. ಕಾಯಿಲೆಯವರಿಗೆ ರೋಜಾದಿಂದ ವಿನಾಯಿತಿ ಇರುವುದು ಕುರ್‌ಆನಿನಲ್ಲೇ. ಮುಂದೆ ಹಿಡಿಯುವ, ಅದೂ ಆಗದಿದ್ದರೆ ಫಿದ್ಯಾ ಕೊಡುವ ದಾರಿ ಇದೆ. ಮನೆಯ ಹಿರಿಯರು "ನನಗೇನೂ ಆಗಲ್ಲ" ಎಂದು ಹಟ ಹಿಡಿದರೆ ನೀವೊಬ್ಬರೇ ವಾದಿಸಬೇಡಿ. ವೈದ್ಯರ ಮಾತನ್ನು ಮಸೀದಿಯ ಇಮಾಮರ ಬಾಯಿಂದ ಕೇಳಿದರೆ ಅವರು ಒಪ್ಪುವ ಸಾಧ್ಯತೆ ಹೆಚ್ಚು.

## ಬೇಕಾಗುವ ಸಾಮಾನು

ಗ್ಲುಕೋಮೀಟರ್ ಮತ್ತು ಅವಧಿ ಮೀರದ ಸ್ಟ್ರಿಪ್‌ಗಳು. ತೋಳಿಗೆ ಕಟ್ಟುವ ಬಿಪಿ ಯಂತ್ರ. ಗ್ಲೂಕೋಸ್ ಪುಡಿಯ ಒಂದು ಡಬ್ಬಿ. ಸಕ್ಕರೆ ಇದ್ದರೂ ಇದು ಬೇಕು, ಕಾರಣ ಏಳನೇ ಹಂತದಲ್ಲಿದೆ. ಸಹರಿಗೊಂದು, ಇಫ್ತಾರಿಗೊಂದು ಎಂದು ಎರಡು ಬಣ್ಣದ ಚಿಕ್ಕ ಡಬ್ಬಿ. ಒಂದು ಹಾಳೆ, ಒಂದು ಪೆನ್ನು. ಇಷ್ಟು ಸಾಕು.

## ಹಂತ 1: ಎಲ್ಲ ಮಾತ್ರೆಗಳನ್ನೂ ಹರಡಿ, ಒಳಗೇನಿದೆ ಓದಿ

ಮನೆಯಲ್ಲಿರುವ ಎಲ್ಲ ಮಾತ್ರೆ ಪಟ್ಟಿಗಳನ್ನೂ ಮೇಜಿನ ಮೇಲೆ ಇಡಿ. ಪಟ್ಟಿಯ ಮೇಲಿರುವ ಬ್ರ್ಯಾಂಡ್ ಹೆಸರು ಕಂಪನಿ ಇಟ್ಟದ್ದು, ಅದು ನಮಗೆ ಉಪಯೋಗಕ್ಕೆ ಬರುವುದಿಲ್ಲ. ಒಳಗಿನ ಔಷಧಿಯ ಹೆಸರು ಮತ್ತು ಮಿಲಿಗ್ರಾಂ ಬೇಕು. ಕಣ್ಣಿಗೆ ಕಾಣದಿದ್ದರೆ ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ, ಇಲ್ಲವೇ ಮೆಡಿಕಲ್ ಅಂಗಡಿಯಲ್ಲಿ ಓದಿಸಿ.

ಹೀಗೆ ಓದಿದಾಗ ಅನೇಕರಿಗೆ ಗೊತ್ತಾಗುವುದೇನೆಂದರೆ, ತಾವು "ಒಂದು ಮಾತ್ರೆ" ಎಂದುಕೊಂಡಿದ್ದರಲ್ಲಿ ಎರಡು ಮೂರು ಔಷಧಿ ಸೇರಿವೆ. ನಮ್ಮಲ್ಲಿ ಅತಿ ಹೆಚ್ಚು ಓಡುವ ಶುಗರ್ ಮಾತ್ರೆಗಳಲ್ಲಿ ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಜೊತೆಗಿರುತ್ತವೆ. ಕೆಲವದರಲ್ಲಿ ಮೂರನೆಯದಾಗಿ ವೋಗ್ಲಿಬೋಸ್ ಅಥವಾ ಪಯೋಗ್ಲಿಟಜೋನ್ ಕೂಡ. ಬಿಪಿ ಮಾತ್ರೆಯೂ ಹಾಗೆಯೇ: ಟೆಲ್ಮಿಸಾರ್ಟನ್ ಜೊತೆಗೆ ಆಮ್ಲೋಡಿಪಿನ್, ಅಥವಾ ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೋಥಯಾಜೈಡ್ ಅಥವಾ ಕ್ಲೋರ್ಥಾಲಿಡೋನ್.

ಈಗ ಹಾಳೆಯ ಮೇಲೆ ಬರೆಯಿರಿ: ಔಷಧಿ ಹೆಸರು, ಮಿಲಿಗ್ರಾಂ, ಈಗ ಯಾವ ಹೊತ್ತಿಗೆ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್, ಗ್ಲಿಪಿಜೈಡ್ ಇವುಗಳಲ್ಲಿ ಯಾವುದು ಸಿಕ್ಕರೂ ಕೆಂಪು ಗೆರೆ ಎಳೆಯಿರಿ. ಇವು ಊಟ ಬಿಟ್ಟರೂ ಬಿಡದೆ ಇನ್ಸುಲಿನ್ ಹೊರಡಿಸುವ ಮಾತ್ರೆಗಳು, ರೋಜಾದಲ್ಲಿ ಶುಗರ್ ಕೆಳಗಿಳಿಸುವುದರಲ್ಲಿ ಮೊದಲ ಸ್ಥಾನ ಇವುಗಳದ್ದೇ.

ಪಟ್ಟಿಯ ಮೇಲೆ ಎಸ್‌ಆರ್, ಇಆರ್, ಪಿಆರ್, ಎಕ್ಸ್‌ಆರ್ ಎಂಬ ಯಾವ ಅಕ್ಷರವಿದ್ದರೂ ಅದು ನಿಧಾನವಾಗಿ ಕರಗುವ ಮಾತ್ರೆ. ಅದನ್ನು ಮುರಿಯಬೇಡಿ. "ಅರ್ಧ ಡೋಸ್ ಮಾಡಿ ಅಂದ್ರು" ಎಂದು ಚಾಕುವಿನಲ್ಲಿ ಕತ್ತರಿಸುವವರನ್ನು ಪ್ರತಿ ವರ್ಷ ನೋಡುತ್ತೇನೆ. ಕತ್ತರಿಸಿದರೆ ಇಡೀ ದಿನಕ್ಕೆ ಹಂಚಿಹೋಗಬೇಕಾದ ಮೆಟ್‌ಫಾರ್ಮಿನ್ ಬೇಗನೆ ಕರಗಿ ಹೊಟ್ಟೆ ಕೆಡಿಸುತ್ತದೆ. ಎರಡು ಪದರದ ಮಾತ್ರೆಯಾದರೆ ಗ್ಲಿಮೆಪಿರೈಡ್ ಸರಿಯಾಗಿ ಅರ್ಧವಾಗಿದೆ ಎನ್ನುವ ಖಾತ್ರಿಯೂ ಇಲ್ಲ. ಡೋಸ್ ಕಡಿಮೆ ಬೇಕಾದರೆ ವೈದ್ಯರಿಂದ ಕಡಿಮೆ ಮಿಲಿಗ್ರಾಂನ ಬೇರೆ ಮಾತ್ರೆಯನ್ನೇ ಬರೆಸಿಕೊಳ್ಳಬೇಕು.

## ಹಂತ 2: ಆರರಿಂದ ಎಂಟು ವಾರ ಮೊದಲೇ ವೈದ್ಯರನ್ನು ಕಾಣಿ

ಶಾಬಾನ್ ತಿಂಗಳ ಕೊನೆಗೆ ಹೋದರೆ ತಡವಾಯಿತು. ಮಾತ್ರೆ ಬದಲಿಸಿದ ಮೇಲೆ ಅದು ಮೈಗೆ ಹೊಂದಿತೇ ಎಂದು ನೋಡಲು ಸಮಯ ಬೇಕು. ರಂಜಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಮುಂಚೆ ಬರುವುದರಿಂದ ಹೋದ ವರ್ಷದ ನೆನಪಿನ ಮೇಲೆ ಲೆಕ್ಕ ಹಾಕಬೇಡಿ, ಕ್ಯಾಲೆಂಡರ್ ನೋಡಿ.

ಹೋಗುವಾಗ ಒಂದನೇ ಹಂತದ ಹಾಳೆ ಕೈಯಲ್ಲಿರಲಿ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಮತ್ತು ಕಿಡ್ನಿಯ ಕ್ರಿಯಾಟಿನಿನ್ ಪರೀಕ್ಷೆ ಹಳೆಯದಾಗಿದ್ದರೆ ಮಾಡಿಸಿಕೊಂಡೇ ಹೋಗಿ. "ರೋಜಾ ಹಿಡೀಬಹುದಾ ಡಾಕ್ಟ್ರೇ?" ಎಂದಷ್ಟೇ ಕೇಳಿದರೆ ಹೌದು ಅಥವಾ ಇಲ್ಲ ಎಂಬ ಉತ್ತರ ಬರುತ್ತದೆ, ಅದರಿಂದ ಡಬ್ಬಿ ತುಂಬಲಾಗದು. ಬದಲಾಗಿ ಇವನ್ನು ಕೇಳಿ ಬರೆಸಿಕೊಳ್ಳಿ: ಸಹರಿಗೆ ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ? ಇಫ್ತಾರಿಗೆ ಯಾವುದು? ಯಾವುದು ಪೂರ್ತಿ ನಿಲ್ಲಬೇಕು? ಈದ್ ದಿನ ಹಳೆಯ ಕ್ರಮಕ್ಕೆ ಮರಳುವುದು ಹೇಗೆ? ಮಧ್ಯೆ ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು?

## ಹಂತ 3: ಶುಗರ್ ಮಾತ್ರೆಗಳ ಹೊಸ ವೇಳೆ

ಮುಂದೆ ಬರೆದಿರುವುದು ವೈದ್ಯರು ಸಾಮಾನ್ಯವಾಗಿ ಅನುಸರಿಸುವ ಕ್ರಮ. ನಿಮ್ಮ ಚೀಟಿಯಲ್ಲಿ ಬೇರೆ ಇದ್ದರೆ ಚೀಟಿಯೇ ಸರಿ.

ಮೆಟ್‌ಫಾರ್ಮಿನ್ ಮಾತ್ರ ಇರುವವರು. ಇದೊಂದೇ ಇದ್ದರೆ ಶುಗರ್ ಅಪಾಯಕ್ಕೆ ಇಳಿಯುವುದು ಅಪರೂಪ. ದಿನಕ್ಕೊಂದು ಇದ್ದರೆ ಇಫ್ತಾರಿಗೆ. ಎರಡಿದ್ದರೆ ಸಹರಿಗೊಂದು, ಇಫ್ತಾರಿಗೊಂದು. ಮೂರು ಹೊತ್ತು 500 ಇದ್ದರೆ ಮಧ್ಯಾಹ್ನದ್ದು ಇಫ್ತಾರಿಗೆ ಸೇರುತ್ತದೆ: ಸಹರಿಗೆ 500, ಇಫ್ತಾರಿಗೆ 1000. ಊಟದ ಜೊತೆ ಅಥವಾ ಊಟವಾದ ಕೂಡಲೇ ತೆಗೆದುಕೊಳ್ಳಿ. ಖಾಲಿ ಹೊಟ್ಟೆಯಲ್ಲಿ ಖರ್ಜೂರದ ಜೊತೆ ನುಂಗಿದರೆ ಹೊಟ್ಟೆ ತೊಳಸಿ ತರಾವೀಹ್ ನಮಾಜಿಗೆ ನಿಲ್ಲಲಾಗದು.

ಕೆಂಪು ಗೆರೆಯ ಮಾತ್ರೆಗಳು. ದಿನಕ್ಕೊಂದೇ ಇದ್ದರೆ ಅದು ಇಫ್ತಾರಿಗೆ ಹೋಗುತ್ತದೆ. ಶುಗರ್ ಮೊದಲೇ ಹಿಡಿತದಲ್ಲಿದ್ದರೆ ಪ್ರಮಾಣವನ್ನೂ ತಗ್ಗಿಸುತ್ತಾರೆ. ಎರಡು ಹೊತ್ತು ಇದ್ದರೆ ಬೆಳಗಿನ ದೊಡ್ಡದು ಇಫ್ತಾರಿಗೆ, ಸಹರಿಗೆ ಚಿಕ್ಕದು. ಶುಗರ್ ಹಿಡಿತದಲ್ಲಿರುವವರಿಗೆ ಆ ಚಿಕ್ಕದನ್ನೂ ಅರ್ಧಕ್ಕೆ ಇಳಿಸುವುದು ವಾಡಿಕೆ. ಹಳೆಯ ಗ್ಲಿಬೆನ್‌ಕ್ಲಮೈಡ್ ಇನ್ನೂ ನುಂಗುತ್ತಿದ್ದರೆ ರೋಜಾಕ್ಕೆ ಮುಂಚೆ ಬೇರೆಯದಕ್ಕೆ ಬದಲಿಸಿಕೊಡಿ ಎಂದು ನೀವೇ ಕೇಳಿ. ಇದು ದೇಹದಲ್ಲಿ ಬಹಳ ಹೊತ್ತು ನಿಂತು ಶುಗರ್ ಹೆಚ್ಚು ಇಳಿಸುತ್ತದೆ.

ಇಲ್ಲಿ ಇನ್ನೊಂದು ತಪ್ಪು ಅಡಗಿದೆ. ನಮ್ಮ ಕಡೆ ಇಫ್ತಾರ್ ಎಂದರೆ ಮೊದಲು ಖರ್ಜೂರ, ನೀರು, ಒಂದೆರಡು ಹಣ್ಣಿನ ಹೋಳು. ಆಮೇಲೆ ಮಗ್ರಿಬ್ ನಮಾಜ್. ಕೆಲವು ಮನೆಗಳಲ್ಲಿ ನಿಜವಾದ ಊಟ ತರಾವೀಹ್ ಮುಗಿದ ಮೇಲೆ, ಹತ್ತು ಗಂಟೆಗೆ. ಗ್ಲಿಮೆಪಿರೈಡ್ ಅನ್ನು ಖರ್ಜೂರದ ಜೊತೆ ನುಂಗಿ ಊಟವನ್ನು ಹತ್ತಕ್ಕೆ ಮಾಡಿದರೆ ನಮಾಜಿನ ಮಧ್ಯೆಯೇ ಕಾಲು ಸೋಲಬಹುದು. ಮಾತ್ರೆಯನ್ನು ಅನ್ನವೋ ರೊಟ್ಟಿಯೋ ಬಡಿಸಿಕೊಂಡು ಕೂರುವ ಮುಂಚೆ ನುಂಗಬೇಕು. ಮಗ್ರಿಬ್ ಮುಗಿದ ಕೂಡಲೇ ಊಟ ಮಾಡುವುದು ಶುಗರಿನವರಿಗೆ ಎಲ್ಲ ರೀತಿಯಲ್ಲೂ ಒಳ್ಳೆಯದು.

ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್, ಟೆನೆಲಿಗ್ಲಿಪ್ಟಿನ್. ಪ್ರಮಾಣ ಬದಲಿಸುವ ಅಗತ್ಯ ಬಾರದು. ಒಂದಿದ್ದರೆ ಇಫ್ತಾರಿಗೆ, ಎರಡಿದ್ದರೆ ಎರಡೂ ಹೊತ್ತಿಗೆ.

ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್. ಇವು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ, ಜೊತೆಗೆ ನೀರೂ ಹೋಗುತ್ತದೆ. ಇಫ್ತಾರಿಗೆ ತೆಗೆದುಕೊಂಡು ರಾತ್ರಿಯೆಲ್ಲ ಆಗಾಗ ನೀರು ಕುಡಿಯಬೇಕು. ರಂಜಾನ್ ಹತ್ತಿರ ಬಂದಾಗ ಇವನ್ನು ಹೊಸದಾಗಿ ಶುರು ಮಾಡುವುದು ಬೇಡ. ವಾಂತಿ, ಹೊಟ್ಟೆನೋವು, ಜೋರು ಉಸಿರು ಕಾಣಿಸಿದರೆ ಮೀಟರಿನಲ್ಲಿ ಶುಗರ್ ಅಷ್ಟೇನೂ ಇಲ್ಲದಿದ್ದರೂ ಕೂಡಲೇ ಆಸ್ಪತ್ರೆಗೆ ಹೋಗಿ. ರಕ್ತದಲ್ಲಿ ಆಮ್ಲ ಏರಿರಬಹುದು, ಅದು ಶುಗರ್ ಮೀಟರಿನಲ್ಲಿ ತಿಳಿಯುವುದಿಲ್ಲ.

ವೋಗ್ಲಿಬೋಸ್, ಅಕಾರ್ಬೋಸ್. ಊಟದ ಮೊದಲ ತುತ್ತಿನ ಹೊತ್ತಿಗೆ. ಊಟವಿಲ್ಲದ ಹೊತ್ತಿನ ಮಾತ್ರೆ ಬೇಡವೇ ಬೇಡ.

## ಹಂತ 4: ಬಿಪಿ ಮಾತ್ರೆಗಳು

ಶುಗರ್ ಮಾತ್ರೆ ಊಟವನ್ನು ಹಿಂಬಾಲಿಸಿದರೆ, ಬಿಪಿ ಮಾತ್ರೆಗೆ ಬೇಕಾಗಿರುವುದು 24 ಗಂಟೆಗೊಮ್ಮೆ ತಪ್ಪದೆ ಸಿಗುವುದು. ಬೆಳಿಗ್ಗೆಯೋ ಸಂಜೆಯೋ ಎಂಬುದು ಅಷ್ಟು ಮುಖ್ಯವಲ್ಲ. ಬ್ರಿಟನ್ನಿನಲ್ಲಿ 21 ಸಾವಿರಕ್ಕೂ ಹೆಚ್ಚು ಬಿಪಿ ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೆಳಿಗ್ಗೆ ತಗೊಂಡವರಿಗೂ ಸಂಜೆ ತಗೊಂಡವರಿಗೂ ಹೃದಯಾಘಾತ, ಪಾರ್ಶ್ವವಾಯುಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ದಿನಕ್ಕೊಂದೇ ಇರುವ ಆಮ್ಲೋಡಿಪಿನ್, ಟೆಲ್ಮಿಸಾರ್ಟನ್‌ಗಳನ್ನು ಇಫ್ತಾರಿಗೆ ಸರಿಸಲು ಹೆದರಬೇಕಿಲ್ಲ. ರಂಜಾನಿಗೆ ಒಂದು ವಾರ ಮೊದಲೇ ಸಂಜೆಗೆ ಬದಲಿಸಿಕೊಂಡುಬಿಟ್ಟರೆ ಮೊದಲ ರೋಜಾದ ದಿನ ಗೊಂದಲವಿರುವುದಿಲ್ಲ. ಸರಿಸುವ ಆ ಒಂದು ದಿನ ನಡುವಿನ ಅಂತರ ಉದ್ದವಾಗುತ್ತದೆ, ಈ ಎರಡೂ ಮಾತ್ರೆಗಳು ದೇಹದಲ್ಲಿ ಹೆಚ್ಚು ಹೊತ್ತು ಉಳಿಯುವುದರಿಂದ ಅದನ್ನು ತಾಳುತ್ತವೆ.

ಸೂಕ್ಷ್ಮ ಇರುವುದು ಮೂತ್ರ ಹೆಚ್ಚಿಸುವ ಮಾತ್ರೆಗಳಲ್ಲಿ. ಹೈಡ್ರೋಕ್ಲೋರೋಥಯಾಜೈಡ್, ಕ್ಲೋರ್ಥಾಲಿಡೋನ್, ಫ್ಯೂರೋಸೆಮೈಡ್, ಟಾರ್ಸೆಮೈಡ್ ಇವನ್ನು ಸಹರಿಗೆ ನುಂಗಿದರೆ ಬೆಳಿಗ್ಗೆಯೆಲ್ಲ ನೀರು ಹೊರಹೋಗುತ್ತದೆ, ಕುಡಿದು ತುಂಬಿಕೊಳ್ಳುವ ಹಾಗಿಲ್ಲ. ಅಸರ್ ನಮಾಜಿನ ಹೊತ್ತಿಗೆ ಬಾಯಿ ಒಣಗಿ, ಸಜ್ದಾದಿಂದ ಏಳುವಾಗ ಕಣ್ಣು ಕತ್ತಲಿಡುವುದು ಇದರಿಂದಲೇ. ಇಫ್ತಾರಿಗೆ ತೆಗೆದುಕೊಂಡರೆ ಅವುಗಳ ಜೋರು ರಾತ್ರಿಯಲ್ಲಿ ಕಳೆಯುತ್ತದೆ, ನೀರೂ ಕೈಗೆ ಸಿಗುತ್ತದೆ. ಕೆಲವರಿಗೆ ವೈದ್ಯರು ಆ ಒಂದು ತಿಂಗಳು ಇದನ್ನು ಕಡಿಮೆ ಮಾಡುತ್ತಾರೆ ಅಥವಾ ನಿಲ್ಲಿಸುತ್ತಾರೆ. ಆದರೆ ಹೃದಯದ ದೌರ್ಬಲ್ಯಕ್ಕಾಗಿ ಈ ಮಾತ್ರೆ ಕೊಟ್ಟಿದ್ದರೆ ನೀವಾಗಿ ಮುಟ್ಟಬೇಡಿ. ಎಷ್ಟು ನೀರು ಕುಡಿಯಬೇಕೆಂಬುದನ್ನೂ ಅವರನ್ನೇ ಕೇಳಿ.

ಅಟೆನಲಾಲ್, ಮೆಟೊಪ್ರಲಾಲ್, ಕ್ಲೋನಿಡಿನ್ ಇರುವವರು ಒಂದು ದಿನವೂ ತಪ್ಪಿಸಬಾರದು. ಇವನ್ನು ಹಠಾತ್ತಾಗಿ ಬಿಟ್ಟರೆ ಬಿಪಿ ಮೊದಲಿಗಿಂತ ಮೇಲೆ ಹಾರುತ್ತದೆ. ದಿನಕ್ಕೆ ಮೂರು ಹೊತ್ತಿನ ಬಿಪಿ ಮಾತ್ರೆ ಇದ್ದರೆ ಎರಡು ಹೊತ್ತಿಗೆ ಹಿಂಡಬೇಡಿ, ದಿನಕ್ಕೊಂದೇ ಸಾಕಾಗುವ ಮಾತ್ರೆಗೆ ಬದಲಿಸಿಕೊಡಲು ಕೇಳಿ. ಶುಗರೂ ಬಿಪಿಯೂ ಎರಡೂ ಇರುವವರು ಇನ್ನೊಂದು ನೆನಪಿಡಬೇಕು: ಅಟೆನಲಾಲ್ ಗುಂಪಿನ ಮಾತ್ರೆಗಳು ಶುಗರ್ ಇಳಿದಾಗ ಬರುವ ಎದೆಬಡಿತ, ನಡುಕವನ್ನು ಮರೆಮಾಡುತ್ತವೆ. ಬೆವರು ಮಾತ್ರ ಉಳಿಯುತ್ತದೆ. ಇಂಥವರು ಕಾರಣವಿಲ್ಲದೆ ಬೆವರಿದರೆ ಬಿಸಿಲು ಎಂದುಕೊಳ್ಳದೆ ಮೀಟರ್ ಹಿಡಿಯಬೇಕು.

ಕೌಂಟರಿನಲ್ಲಿ ನಾನು ಪ್ರತಿ ರಂಜಾನಿನಲ್ಲೂ ಬೇಡ ಎಂದು ಹೇಳುವ ಇನ್ನೊಂದು ಮಾತ್ರೆ ನೋವಿನದು. ರೋಜಾದ ತಲೆನೋವಿಗೆ ಇಫ್ತಾರ್ ಆದ ಕೂಡಲೇ ಡೈಕ್ಲೋಫಿನ್ಯಾಕ್, ಐಬುಪ್ರೊಫೆನ್ ಕೇಳಿ ಬರುತ್ತಾರೆ. ನೀರು ಕಡಿಮೆಯಾದ ಮೈಗೆ ಟೆಲ್ಮಿಸಾರ್ಟನ್, ಮೂತ್ರದ ಮಾತ್ರೆ ಮತ್ತು ಈ ನೋವಿನ ಮಾತ್ರೆ ಮೂರೂ ಸೇರಿದರೆ ಕಿಡ್ನಿಗೆ ಒಮ್ಮೆಲೇ ಪೆಟ್ಟು ಬೀಳಬಹುದು. ತಲೆನೋವಿಗೆ ಪ್ಯಾರಸಿಟಮಾಲ್ ಸಾಕು.

## ಹಂತ 5: ಒಂದು ಅಣಕು ರೋಜಾ

ಹೊಸ ವೇಳಾಪಟ್ಟಿ ಬಂದ ಮೇಲೆ ರಂಜಾನಿಗೆ ಮುಂಚೆಯೇ, ಶಾಬಾನಿನಲ್ಲಿ ಒಂದೆರಡು ದಿನ ರೋಜಾ ಹಿಡಿದು ನೋಡಿ. ಮನೆಯಲ್ಲಿ ಯಾರಾದರೂ ಇರುವ, ಕೆಲಸ ಕಡಿಮೆಯಿರುವ ದಿನ ಆರಿಸಿಕೊಳ್ಳಿ. ಸಹರಿಗೆ ಮುಂಚೆ, ಬೆಳಿಗ್ಗೆ ಹನ್ನೊಂದಕ್ಕೆ, ಮಧ್ಯಾಹ್ನ ನಾಲ್ಕಕ್ಕೆ, ಇಫ್ತಾರಿಗೆ ಸ್ವಲ್ಪ ಮುಂಚೆ ಮತ್ತು ಊಟವಾಗಿ ಎರಡು ಗಂಟೆಗೆ ಶುಗರ್ ನೋಡಿ ಬರೆಯಿರಿ. ಬೆರಳು ಚುಚ್ಚಿ ರಕ್ತ ನೋಡಿದರೆ ರೋಜಾ ಮುರಿಯುವುದಿಲ್ಲ ಎಂಬುದು ಬಹುಪಾಲು ಧರ್ಮಪಂಡಿತರ ಅಭಿಪ್ರಾಯ. ಸಂಶಯವಿದ್ದರೆ ಇಮಾಮರನ್ನು ಮೊದಲೇ ಕೇಳಿಕೊಳ್ಳಿ. ಆ ಸಂಶಯದಲ್ಲೇ ನಾಲ್ಕು ಗಂಟೆಯ ಪರೀಕ್ಷೆ ಬಿಡುವವರು ಬಹಳ.

ಹೇಗೆ ನಡೆಯುತ್ತದೆಂದು ಒಂದು ಉದಾಹರಣೆಯಲ್ಲಿ ನೋಡೋಣ. ಶಿವಮೊಗ್ಗದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ 56 ವರ್ಷದ ಒಬ್ಬರು ಎಂದುಕೊಳ್ಳಿ. ಎಚ್‌ಬಿಎ1ಸಿ 7.2, ಕ್ರಿಯಾಟಿನಿನ್ ಸರಿಯಾಗಿದೆ. ಅವರು ತಿಂಡಿಗೆ ಮುಂಚೆ ಗ್ಲಿಮೆಪಿರೈಡ್ 2 ಮತ್ತು ಮೆಟ್‌ಫಾರ್ಮಿನ್ ಎಸ್‌ಆರ್ 500 ಸೇರಿದ ಮಾತ್ರೆ, ರಾತ್ರಿ ಊಟಕ್ಕೆ ಮುಂಚೆ ಗ್ಲಿಮೆಪಿರೈಡ್ 1 ಮತ್ತು ಮೆಟ್‌ಫಾರ್ಮಿನ್ ಎಸ್‌ಆರ್ 500 ಸೇರಿದ್ದು ತೆಗೆದುಕೊಳ್ಳುತ್ತಾರೆ. ಬೆಳಿಗ್ಗೆ ಟೆಲ್ಮಿಸಾರ್ಟನ್ 40 ಮತ್ತು ಹೈಡ್ರೋಕ್ಲೋರೋಥಯಾಜೈಡ್ 12.5 ಸೇರಿದ ಬಿಪಿ ಮಾತ್ರೆ.

ವೈದ್ಯರು ಮೊದಲು ಬರೆದದ್ದು ಹೀಗೆ: ಬಿಪಿ ಮಾತ್ರೆ ಇಫ್ತಾರಿಗೆ. ಬೆಳಗಿನ ದೊಡ್ಡ ಶುಗರ್ ಮಾತ್ರೆ, ಅಂದರೆ 2 ಮತ್ತು 500, ಇಫ್ತಾರ್ ಊಟಕ್ಕೆ. ಸಹರಿಗೆ ರಾತ್ರಿಯ ಮಾತ್ರೆಯ ಗ್ಲಿಮೆಪಿರೈಡ್ ಅರ್ಧಕ್ಕಿಳಿದು 0.5 ಮತ್ತು 500. ಇದು ಆ ಪ್ರಮಾಣದಲ್ಲೇ ಸಿದ್ಧವಾಗಿ ಸಿಗುವ ಮಾತ್ರೆ, ಕತ್ತರಿಸುವ ಪ್ರಶ್ನೆಯಿಲ್ಲ.

ಅಣಕು ರೋಜಾದ ದಿನ ಅವರ ಹಾಳೆಯಲ್ಲಿ ಬಂದ ಅಂಕಿಗಳು: ಸಹರಿಗೆ ಮುಂಚೆ 128, ಹನ್ನೊಂದಕ್ಕೆ 142, ನಾಲ್ಕಕ್ಕೆ 84, ಇಫ್ತಾರಿಗೆ ಮುಂಚೆ 74, ಊಟವಾಗಿ ಎರಡು ಗಂಟೆಗೆ 238. ಅವರಿಗೆ ಚಿಂತೆಯಾದದ್ದು 238. ವೈದ್ಯರಿಗೆ ಚಿಂತೆಯಾದದ್ದು 74. ಅಂಗಡಿ ಮುಚ್ಚಿ ಮನೆಯಲ್ಲಿ ಕೂತ ದಿನವೇ 74ಕ್ಕೆ ಇಳಿದರೆ, ಹಬ್ಬದ ವ್ಯಾಪಾರದ ದಿನ ನಿಂತು ಓಡಾಡಿದಾಗ 70ರ ಕೆಳಗೆ ಹೋಗುವ ಸಾಧ್ಯತೆ ಹೆಚ್ಚು. ಸಹರಿಯ ಮಾತ್ರೆಯಿಂದ ಗ್ಲಿಮೆಪಿರೈಡನ್ನೇ ತೆಗೆದು ಮೆಟ್‌ಫಾರ್ಮಿನ್ 500 ಒಂದನ್ನೇ ಉಳಿಸಿದರು. 238ಕ್ಕೆ ಮಾತ್ರೆ ಹೆಚ್ಚಿಸಲಿಲ್ಲ, ತಟ್ಟೆಯನ್ನು ಕೇಳಿದರು: ಎರಡು ಲೋಟ ರೂಹ್ ಅಫ್ಜಾ, ನಾಲ್ಕು ಸಮೋಸ, ಆಮೇಲೆ ಬಿರಿಯಾನಿ. ಶರಬತ್ತಿನ ಬದಲು ನೀರು ಮತ್ತು ಸಕ್ಕರೆಯಿಲ್ಲದ ಮಜ್ಜಿಗೆ, ಖರ್ಜೂರ ಒಂದು, ಸಮೋಸ ಒಂದು ಎಂದಾಯಿತು. ಎರಡನೇ ಅಣಕು ದಿನ ನಾಲ್ಕು ಗಂಟೆಗೆ 106, ಇಫ್ತಾರಿಗೆ ಮುಂಚೆ 98, ಊಟದ ಮೇಲೆ 184. ಈ ಪಟ್ಟಿಯೊಂದಿಗೆ ಅವರು ರಂಜಾನಿಗೆ ಇಳಿಯಬಹುದು.

ಈ ಅಂಕಿಗಳು ಆ ಒಬ್ಬರವು. ಇದೇ ಮಾತ್ರೆಗಳಿರುವ ಪಕ್ಕದ ಮನೆಯವರಿಗೆ ಬೇರೆಯೇ ಬರುತ್ತವೆ.

## ಹಂತ 6: ರಂಜಾನಿನ ದಿನಗಳಲ್ಲಿ ನೋಡಬೇಕಾದದ್ದು

ಮೊದಲ ವಾರ ಅಣಕು ದಿನದಂತೆಯೇ ಐದು ಹೊತ್ತೂ ಪರೀಕ್ಷೆ ಮಾಡಿ. ಅಂಕಿಗಳು ಸ್ಥಿರವಾದ ಮೇಲೆ ಹೊತ್ತುಗಳನ್ನು ಕಡಿಮೆ ಮಾಡಬಹುದು, ಆದರೆ ಕೆಂಪು ಗೆರೆಯ ಮಾತ್ರೆ ಇರುವವರು ಮಧ್ಯಾಹ್ನ ನಾಲ್ಕರದ್ದನ್ನು ಬಿಡಬೇಡಿ. ಸಹರಿಯನ್ನು ಬಿಟ್ಟು ರೋಜಾ ಹಿಡಿಯಬೇಡಿ. ರಾತ್ರಿ ಹನ್ನೊಂದಕ್ಕೇ ತಿಂದು ಮಲಗುವುದಕ್ಕಿಂತ ಸಹರಿಯನ್ನು ಅಜಾನಿನ ಹತ್ತಿರಕ್ಕೆ ಇಟ್ಟುಕೊಂಡರೆ ಖಾಲಿ ಹೊಟ್ಟೆಯ ಅವಧಿ ಕಡಿಮೆಯಾಗುತ್ತದೆ. ಸಹರಿಗೆ ಎದ್ದೇಳದೆ ಹೋದ ದಿನ ರೋಜಾ ಬಿಡುವುದೇ ಸರಿ.

ರೋಜಾ ಆಗಲೇ ಮುರಿಯಬೇಕಾದ ಗೆರೆಗಳು ಇವು, ಇಫ್ತಾರಿಗೆ ಹತ್ತೇ ನಿಮಿಷ ಉಳಿದಿದ್ದರೂ ಸರಿ:

1. ಶುಗರ್ 70ಕ್ಕಿಂತ ಕೆಳಗೆ.
2. ಶುಗರ್ 300ಕ್ಕಿಂತ ಮೇಲೆ.
3. ಅಂಕಿ ಏನೇ ಇರಲಿ, ಬೆವರು, ನಡುಕ, ಗೊಂದಲ, ಕಣ್ಣು ಮಂಜು, ತಲೆಸುತ್ತಿ ಬೀಳುವಂತಾಗುವುದು.
4. ವಾಂತಿ, ಭೇದಿ, ಜ್ವರ.

ಬಿಪಿಯನ್ನು ವಾರಕ್ಕೆ ಎರಡು ಮೂರು ಸಲ ಇಫ್ತಾರಿಗೆ ಮುಂಚೆ ನೋಡಿ, ಮೈಯಲ್ಲಿ ನೀರು ಅತಿ ಕಡಿಮೆ ಇರುವ ಹೊತ್ತು ಅದೇ. ಮೇಲಿನ ಅಂಕಿ 100ಕ್ಕಿಂತ ಕೆಳಗಿದ್ದು ಎದ್ದು ನಿಂತರೆ ತಲೆ ತಿರುಗುತ್ತಿದ್ದರೆ ನೀರು ಕುಡಿದು ಮಲಗಿ, ಅಂದಿನ ಬಿಪಿ ಮಾತ್ರೆ ನುಂಗುವ ಮುಂಚೆ ವೈದ್ಯರಿಗೆ ಫೋನ್ ಮಾಡಿ. ಬಿಪಿ ಎಷ್ಟೇ ಇರಲಿ, ಎದೆನೋವು, ಉಸಿರುಕಟ್ಟು, ಮುಖ ಓರೆಯಾಗುವುದು, ಕೈ ಸೋಲುವುದು ಇದ್ದರೆ 108ಕ್ಕೆ ಕರೆ ಮಾಡಿ.

## ಹಂತ 7: ಶುಗರ್ ಇಳಿದಾಗ ಮಾಡಬೇಕಾದದ್ದು

ಮೂರು ಚಮಚ ಗ್ಲೂಕೋಸ್ ಪುಡಿಯನ್ನು ಅರ್ಧ ಲೋಟ ನೀರಿನಲ್ಲಿ ಕಲಸಿ ಕುಡಿಯಿರಿ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, 70 ದಾಟದಿದ್ದರೆ ಇನ್ನೊಮ್ಮೆ ಕುಡಿಯಿರಿ. ದಾಟಿದ ಮೇಲೆ ಅನ್ನ, ರೊಟ್ಟಿ, ಬಿಸ್ಕತ್ತು ಯಾವುದಾದರೂ ತಿನ್ನಿ. ಸಕ್ಕರೆ ನೀರಿನಿಂದಲೂ ಕೆಲಸ ಆಗುತ್ತದೆ, ಆದರೆ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಸೇರಿದ ಮಾತ್ರೆ ತಗೊಂಡವರಿಗೆ ಆಗದು. ಆ ಔಷಧಿ ಸಕ್ಕರೆ ಕರುಳಿನಲ್ಲಿ ಒಡೆಯುವುದನ್ನೇ ತಡೆಯುತ್ತದೆ, ಮಿಠಾಯಿ ತಿಂದರೂ ಶುಗರ್ ಬೇಗ ಏರುವುದಿಲ್ಲ. ಗ್ಲೂಕೋಸ್ ಒಡೆಯಬೇಕಿಲ್ಲ, ನೇರ ರಕ್ತಕ್ಕೆ ಸೇರುತ್ತದೆ. ಡಬ್ಬಿ ಮನೆಯಲ್ಲಿರಲಿ ಎಂದದ್ದು ಇದಕ್ಕೆ.

ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, ಉಸಿರುನಾಳಕ್ಕೆ ಇಳಿಯುತ್ತದೆ. ಪಕ್ಕಕ್ಕೆ ಹೊರಳಿಸಿ ಮಲಗಿಸಿ 108 ಕರೆಯಿರಿ.

ಗ್ಲಿಮೆಪಿರೈಡಿನಿಂದ ಶುಗರ್ ಇಳಿದಿದ್ದರೆ ಒಮ್ಮೆ ಏರಿದ ಮಾತ್ರಕ್ಕೆ ನಿಶ್ಚಿಂತರಾಗಬೇಡಿ. ಮಾತ್ರೆಯ ಪ್ರಭಾವ ದಿನವಿಡೀ ಇರುವುದರಿಂದ ಕೆಲವು ಗಂಟೆ ಬಿಟ್ಟು ಮತ್ತೆ ಇಳಿಯಬಹುದು. ಆ ರಾತ್ರಿ ಒಬ್ಬರೇ ಮಲಗುವುದು ಬೇಡ. ಇಫ್ತಾರಿನ ಗ್ಲಿಮೆಪಿರೈಡ್ ನುಂಗುವ ಮುಂಚೆ, ಮಾರನೆಯ ರೋಜಾ ಹಿಡಿಯುವ ಮುಂಚೆ ವೈದ್ಯರನ್ನು ಕೇಳಿ.

## ಹಂತ 8: ಈದ್ ಬೆಳಿಗ್ಗೆ

ಚಂದ್ರ ಕಂಡ ರಾತ್ರಿ ಇಫ್ತಾರಿನ ಮಾತ್ರೆ ಆಗಲೇ ಹೊಟ್ಟೆಯಲ್ಲಿದೆ. ಬಿಪಿ ಮಾತ್ರೆಯನ್ನು ಸಂಜೆ ತಗೊಂಡು, ಹಳೆಯ ಅಭ್ಯಾಸದಂತೆ ಈದ್ ಬೆಳಿಗ್ಗೆ ಮತ್ತೊಮ್ಮೆ ನುಂಗುವುದು ಸಾಮಾನ್ಯ ತಪ್ಪು. ಈದ್ಗಾದ ಬಿಸಿಲಿನಲ್ಲಿ ತಲೆಸುತ್ತು ಬರುತ್ತದೆ. ಬಿಪಿ ಮಾತ್ರೆಯನ್ನು ಸಂಜೆಗೇ ಉಳಿಸಿಕೊಂಡರೂ ನಷ್ಟವಿಲ್ಲ. ಶುಗರ್ ಮಾತ್ರೆಗಳು ವೈದ್ಯರು ಬರೆದುಕೊಟ್ಟ ಈದ್ ದಿನದ ಸಾಲಿನಂತೆ ಹಳೆಯ ಹೊತ್ತಿಗೆ, ಅಂದರೆ ದೊಡ್ಡದು ತಿಂಡಿಗೆ, ಚಿಕ್ಕದು ರಾತ್ರಿಗೆ ಮರಳುತ್ತವೆ. ಸಹರಿಗೆಂದು ತಂದಿದ್ದ ಪಟ್ಟಿ ಉಳಿದಿದ್ದರೆ ಡಬ್ಬಿಯಿಂದ ತೆಗೆದು ಬೇರೆ ಇಡಿ. ಅದನ್ನೂ ಹಳೆಯದನ್ನೂ ಸೇರಿಸಿ ನುಂಗಿದವರಿದ್ದಾರೆ.

## ಏಕಾದಶಿ, ಶಿವರಾತ್ರಿ ಮಾಡುವವರಿಗೆ

ಇಲ್ಲಿ ಮೇಲಿನ ಪಟ್ಟಿಯನ್ನು ಹಾಗೇ ಅನ್ವಯಿಸಬೇಡಿ. ರೋಜಾದಲ್ಲಿ ಸಂಜೆ ಊಟವಿದೆ. ಏಕಾದಶಿಯಲ್ಲಿ ದಶಮಿಯಿಂದ ದ್ವಾದಶಿಯ ಪಾರಣೆಯವರೆಗೆ ಊಟವೇ ಇಲ್ಲ. ಹಾಗಾಗಿ ಕೆಂಪು ಗೆರೆಯ ಮಾತ್ರೆಗಳಿಗೆ ಆ ದಿನ ಹೋಗಲು ಜಾಗವೇ ಇಲ್ಲ, ವೈದ್ಯರು ಸಾಮಾನ್ಯವಾಗಿ ನಿಲ್ಲಿಸುತ್ತಾರೆ. ದಶಮಿ ರಾತ್ರಿಯ ಮಾತ್ರೆ ಏಕಾದಶಿಗೂ ಮುಂದುವರಿಯುತ್ತದೆ ಎಂಬುದನ್ನೂ ಅವರಿಗೆ ನೆನಪಿಸಿ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ನುಂಗುತ್ತಾ ನಿರ್ಜಲ ಉಪವಾಸ ಮಾಡುವುದು ಅಪಾಯ. ಎಷ್ಟು ದಿನ ಮುಂಚೆ ನಿಲ್ಲಿಸಬೇಕೆಂದು ಕೇಳಿಕೊಳ್ಳಿ, ಅಥವಾ ನಿರ್ಜಲವನ್ನು ಬಿಡಿ.

ಫಲಾಹಾರ ಮಾಡುವವರಿಗೆ ತೊಂದರೆ ಉಲ್ಟಾ ಬರಬಹುದು. ಅವಲಕ್ಕಿ, ಸಬ್ಬಕ್ಕಿ ಉಪ್ಪಿಟ್ಟು, ಬಾಳೆಹಣ್ಣು, ಸಿಹಿಗೆಣಸು ಒಟ್ಟಿಗೆ ತಿಂದರೆ ಅನ್ನ ತಿಂದಷ್ಟೇ ಶುಗರ್ ಏರುತ್ತದೆ, ಉಪವಾಸ ಎಂದು ಮಾತ್ರೆಯನ್ನೂ ಬಿಟ್ಟಿರುತ್ತಾರೆ. ಏನು ತಿನ್ನುತ್ತೀರಿ ಎಂಬುದನ್ನು ವೈದ್ಯರಿಗೆ ಬಿಡಿಸಿ ಹೇಳಿ, "ಉಪವಾಸ" ಎಂದಷ್ಟೇ ಹೇಳಿದರೆ ಅವರು ಖಾಲಿ ಹೊಟ್ಟೆ ಎಂದುಕೊಳ್ಳುತ್ತಾರೆ. ಬಿಪಿ ಮಾತ್ರೆಯನ್ನು ಒಂದು ಗುಟುಕು ನೀರಿನಲ್ಲಿ ಎಂದಿನ ಹೊತ್ತಿಗೇ ನುಂಗಬಹುದು. ನೀರು ಕುಡಿಯದ ದಿನ ಮೂತ್ರ ಹೆಚ್ಚಿಸುವ ಮಾತ್ರೆಯ ಬಗ್ಗೆ ಮಾತ್ರ ಮೊದಲೇ ಕೇಳಿಕೊಂಡಿರಿ. ಪಾರಣೆಯ ದಿನ, ಬಿಟ್ಟಿದ್ದ ಮಾತ್ರೆಯನ್ನೂ ಸೇರಿಸಿ ಎರಡು ನುಂಗಬೇಡಿ. ಅಂದಿನ ಮಾತ್ರೆ ಮಾತ್ರ, ಅದೂ ಎಲೆಯ ಮುಂದೆ ಕೂತ ಮೇಲೆ.